ಅವನು ಸುಳ್ಳುಗಾರ ಅಂತಲೇ ಇಟ್ಟುಕೊಳ್ಳೋಣ

ಒಂದು ದ್ವೀಪ. ಅಲ್ಲಿ ಎರಡೇ ಥರದ ಜನ. ಒಂದು ಗುಂಪಿನವರು ಬಾಯಿ ಬಿಟ್ಟರೆ ನಿಜ, ಇನ್ನೊಂದು ಗುಂಪಿನವರು ಬಾಯಿ ಬಿಟ್ಟರೆ ಸುಳ್ಳು. ಮಧ್ಯದವರು ಯಾರೂ ಇಲ್ಲ. ಮುಖ ನೋಡಿ, ಬಟ್ಟೆ ನೋಡಿ ಯಾರು ಯಾವ ಗುಂಪು ಅಂತ ಹೇಳೋಕೆ ಆಗೋದಿಲ್ಲ. ನೀವು ದೋಣಿಯಿಂದ ಇಳಿಯುತ್ತೀರಿ. ದಡದಲ್ಲಿ ಇಬ್ಬರು ನಿಂತಿದ್ದಾರೆ, ರಂಗಣ್ಣ ಮತ್ತು ಸಿದ್ದಣ್ಣ. ರಂಗಣ್ಣ ನಿಮ್ಮನ್ನು ನೋಡಿ ಒಂದೇ ಮಾತು ಹೇಳುತ್ತಾನೆ: "ನಮ್ಮಿಬ್ಬರಲ್ಲಿ ಒಬ್ಬನಾದರೂ ಸುಳ್ಳುಗಾರ." ಸಿದ್ದಣ್ಣ ಸುಮ್ನೆ ಬೀಡಿ ಸೇದುತ್ತಾ ನಿಂತಿದ್ದಾನೆ. ಈಗ ಹೇಳಿ, ಯಾರು ಸತ್ಯವಂತ, ಯಾರು ಸುಳ್ಳುಗಾರ?

ಎರಡನೇ ಸಾಲಿನಿಂದ ಒಬ್ಬರು ಹೇಳಿದರು, "ಹೇಗೆ ಗೊತ್ತಾಗುತ್ತೆ ಸಾರ್, ಸಿದ್ದಣ್ಣ ಏನೂ ಹೇಳಲೇ ಇಲ್ಲವಲ್ಲ" ಅಂತ. ನ್ಯಾಯವಾದ ಮಾತು. ಆದರೂ ಇಬ್ಬರ ಗುಟ್ಟೂ ಹೊರಬೀಳುತ್ತದೆ. ಹೇಗೆ ಅಂತ ನೋಡೋಣ.

ಮಾತಾಡಿದವನ ಮೇಲೆ ಒಂದು ಆರೋಪ ಹೊರಿಸೋಣ. ರಂಗಣ್ಣ ಸುಳ್ಳುಗಾರ ಅಂತಲೇ ಇಟ್ಟುಕೊಳ್ಳೋಣ. ಹಾಗಾದರೆ ಅವನು ಹೇಳಿದ್ದು ಸುಳ್ಳಾಗಬೇಕು. ಅವನು ಹೇಳಿದ್ದು ಏನು? ಇಬ್ಬರಲ್ಲಿ ಒಬ್ಬನಾದರೂ ಸುಳ್ಳುಗಾರ ಅಂತ. ಅದು ಸುಳ್ಳು ಅಂದರೆ ಇಬ್ಬರಲ್ಲಿ ಒಬ್ಬನೂ ಸುಳ್ಳುಗಾರ ಅಲ್ಲ. ಅಂದರೆ ಇಬ್ಬರೂ ಸತ್ಯವಂತರು. ಇಬ್ಬರೂ ಅಂದಮೇಲೆ ಅದರಲ್ಲಿ ರಂಗಣ್ಣನೂ ಬಂದ. ಆದರೆ ನಾವು ಶುರು ಮಾಡಿದ್ದು ರಂಗಣ್ಣ ಸುಳ್ಳುಗಾರ ಅಂತ ಅಲ್ವಾ? ಲೆಕ್ಕ ತಾಳೆ ಬೀಳಲಿಲ್ಲ. ಆರೋಪ ಬಿದ್ದುಹೋಯಿತು. ಹಾಗಾಗಿ ರಂಗಣ್ಣ ಸತ್ಯವಂತ. ಅವನ ಮಾತು ನಿಜ, ಒಬ್ಬನಾದರೂ ಸುಳ್ಳುಗಾರ ಇರಲೇಬೇಕು, ಆ ಒಬ್ಬ ರಂಗಣ್ಣ ಅಲ್ಲ. ಬೀಡಿ ಸೇದುತ್ತಾ ಸುಮ್ಮನೆ ನಿಂತವನೇ ಸುಳ್ಳುಗಾರ.

ಹತ್ತನೇ ಕ್ಲಾಸಿನಲ್ಲಿ ಎರಡರ ವರ್ಗಮೂಲ ಅಭಾಗಲಬ್ಧ ಅಂತ ಸಾಧಿಸಿದ್ದು ನೆನಪಿದೆಯಾ? "ಭಾಗಲಬ್ಧ ಎಂದು ಭಾವಿಸೋಣ" ಅಂತ ಶುರು ಮಾಡಿ, ಕೊನೆಗೆ "ಇದು ವೈರುಧ್ಯ" ಅಂತ ಬರೆದು ಮುಗಿಸುತ್ತಿದ್ದೆವು. ಈಗ ಮಾಡಿದ್ದೂ ಅದೇ ಪಟ್ಟು.

ಈ ದ್ವೀಪಕ್ಕೆ ಇಂಗ್ಲಿಷಿನಲ್ಲಿ ನೈಟ್ಸ್ ಮತ್ತು ನೇವ್ಸ್ ಅನ್ನುವ ಹೆಸರು ಬಿದ್ದದ್ದು ರೇಮಂಡ್ ಸ್ಮಲ್ಯನ್ ಅವರಿಂದ. ಅಮೆರಿಕದ ತರ್ಕಶಾಸ್ತ್ರಜ್ಞ, 1919ರಲ್ಲಿ ಹುಟ್ಟಿದವರು, 2017ರಲ್ಲಿ ತೀರಿಕೊಂಡರು. ಜಾದೂ ಮಾಡುತ್ತಿದ್ದರು, ಪಿಯಾನೋ ನುಡಿಸುತ್ತಿದ್ದರು. 1978ರಲ್ಲಿ ಬಂದ ಅವರ ಪುಸ್ತಕದಿಂದ ಈ ದ್ವೀಪ ಮನೆಮಾತಾಯಿತು. ಅದರಲ್ಲೇ ಅವರು ತಮ್ಮ ಬಾಲ್ಯದ ಒಂದು ಪ್ರಸಂಗ ಹೇಳುತ್ತಾರೆ. 1925ರ ಏಪ್ರಿಲ್ 1. ಹುಡುಗನಿಗೆ ಜ್ವರವೋ ಏನೋ, ಹಾಸಿಗೆಯಲ್ಲಿ ಮಲಗಿದ್ದ. ಬೆಳಿಗ್ಗೆ ಅಣ್ಣ ಬಂದು, "ಇವತ್ತು ನಿನ್ನನ್ನು ಹಿಂದೆಂದೂ ಇಲ್ಲದ ಹಾಗೆ ಫೂಲ್ ಮಾಡ್ತೀನಿ ನೋಡ್ತಿರು" ಅಂದ. ಹುಡುಗ ದಿನವಿಡೀ ಕಾದ. ಅಣ್ಣ ಏನೂ ಮಾಡಲಿಲ್ಲ. ರಾತ್ರಿ ಅಣ್ಣ ಕೇಳಿದ, "ನಾನು ಫೂಲ್ ಮಾಡ್ತೀನಿ ಅಂತ ಕಾಯ್ತಿದ್ದೆ ತಾನೇ? ನಾನು ಮಾಡಲಿಲ್ಲ. ಫೂಲ್ ಆದೆಯಲ್ಲ!" ದೀಪ ಆರಿಸಿದ ಮೇಲೂ ಹುಡುಗನಿಗೆ ನಿದ್ದೆ ಇಲ್ಲ. ನಾನು ಫೂಲ್ ಆಗಿದ್ದರೆ, ಅಣ್ಣ ಹೇಳಿದ್ದೇ ಆಯಿತು, ಮತ್ತೆ ಫೂಲ್ ಆದದ್ದು ಎಲ್ಲಿ? ಆಗಿಲ್ಲದಿದ್ದರೆ, ಕಾದದ್ದು ಆಗಲಿಲ್ಲ, ಹಾಗಾದರೆ ಫೂಲ್ ಆದ ಹಾಗೆಯೇ ಅಲ್ವಾ? ಈ ಹುಡುಗನ ಸಂಕಟಕ್ಕೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಈಗ ಎರಡನೇ ಜೋಡಿ. ಸ್ವಲ್ಪ ಮುಂದೆ ಹೋದರೆ ಮತ್ತಿಬ್ಬರು, ಈರಣ್ಣ ಮತ್ತು ಬಸಣ್ಣ. ಈರಣ್ಣ ಹೇಳುತ್ತಾನೆ: "ನಾವಿಬ್ಬರೂ ಸುಳ್ಳುಗಾರರು."

ಈ ಲೆಕ್ಕವನ್ನು ನಾನು ಎಲ್ಲಿ ಕೊಟ್ಟರೂ ಒಂದಷ್ಟು ಜನ ಒಂದೇ ಜಾಗದಲ್ಲಿ ಎಡವುತ್ತಾರೆ. ಅವರು ಮಾಡುವುದು ಹೀಗೆ. ಈರಣ್ಣ ಸತ್ಯವಂತ ಆದರೆ ಇಬ್ಬರೂ ಸುಳ್ಳುಗಾರರು ಅನ್ನೋದು ನಿಜ ಆಗಬೇಕು, ಆಗ ಈರಣ್ಣನೂ ಸುಳ್ಳುಗಾರ, ಅದು ಆಗೋದಿಲ್ಲ. ಇಲ್ಲಿಗೆ ಸರಿ. ಹಾಗಾದರೆ ಈರಣ್ಣ ಸುಳ್ಳುಗಾರ. ಅವನ ಮಾತು ಸುಳ್ಳು. ಅಂದರೆ "ಇಬ್ಬರೂ ಸುಳ್ಳುಗಾರರಲ್ಲ". ಅಂದರೆ ಇಬ್ಬರೂ ಸತ್ಯವಂತರು. ಆಗ ಈರಣ್ಣನೂ ಸತ್ಯವಂತ. ಅದೂ ಆಗೋದಿಲ್ಲ! "ಈ ಲೆಕ್ಕವೇ ತಪ್ಪು ಸಾರ್" ಅಂತ ಪೆನ್ನು ಕೆಳಗಿಡುತ್ತಾರೆ.

ತಪ್ಪಿರುವುದು ಲೆಕ್ಕದಲ್ಲಿ ಅಲ್ಲ. ಕೊನೆಯಲ್ಲಿ ಬಂದು ಕೂತ ಆ "ಅಲ್ಲ"ದಲ್ಲಿ. ನಮ್ಮ ಭಾಷೆಯ ಸ್ವಭಾವ ನೋಡಿ. "ಇಬ್ಬರೂ ಮದುವೆಗೆ ಬಂದರು" ಅಂತ ಯಾರೋ ಹೇಳಿದರು. ಅದಕ್ಕೆ ಉಲ್ಟಾ ಹೇಳಿ ಅಂದರೆ ನಾಲಿಗೆಗೆ ತಟ್ಟನೆ ಬರುವುದು "ಇಬ್ಬರೂ ಬರಲಿಲ್ಲ". ಆದರೆ "ಇಬ್ಬರೂ ಬರಲಿಲ್ಲ" ಅಂದರೆ ಕನ್ನಡದಲ್ಲಿ ಅರ್ಥ ಏನು? ಒಬ್ಬರೂ ಬರಲಿಲ್ಲ ಅಂತ. ಗಂಡ ಒಬ್ಬನೇ ಬಂದು ಊಟ ಮಾಡಿ ಹೋಗಿದ್ದರೆ? ಆಗಲೂ "ಇಬ್ಬರೂ ಬಂದರು" ಅನ್ನೋದು ಸುಳ್ಳೇ ತಾನೇ? ಕ್ರಿಯಾಪದಕ್ಕೆ ಒಂದು "ಇಲ್ಲ" ಅಂಟಿಸಿದರೆ ಮಾತು ಸುಳ್ಳಾಗುವ ಎಲ್ಲ ದಾರಿಗಳೂ ಸಿಗೋದಿಲ್ಲ, ಒಂದೇ ದಾರಿ ಸಿಗುತ್ತದೆ.

ಅದಕ್ಕೆ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಮಾತನ್ನು ಒಳಗಿನಿಂದ ಮುರಿಯೋದಿಲ್ಲ. ಇಡೀ ಮಾತನ್ನು ಹಾಗೇ ಇಟ್ಟು, ಅದರ ಹಿಂದೆ "ಅನ್ನೋದು ಸುಳ್ಳು" ಅಂತ ಸೇರಿಸುತ್ತೇನೆ. "ನಾವಿಬ್ಬರೂ ಸುಳ್ಳುಗಾರರು ಅನ್ನೋದು ಸುಳ್ಳು." ಆಮೇಲೆ, ಇದು ಸುಳ್ಳಾಗಬೇಕಾದರೆ ಏನೇನು ಆಗಿರಬಹುದು ಅಂತ ಬೆರಳೆಣಿಸುತ್ತೇನೆ. ಈರಣ್ಣ ಸತ್ಯವಂತ ಆಗಿರಬಹುದು, ಇಲ್ಲವೇ ಬಸಣ್ಣ ಸತ್ಯವಂತ ಆಗಿರಬಹುದು, ಇಲ್ಲವೇ ಇಬ್ಬರೂ. ಒಟ್ಟಿನಲ್ಲಿ ಒಬ್ಬನಾದರೂ ಸತ್ಯವಂತ. ಈರಣ್ಣ ಅಲ್ಲ ಅಂತ ಆಗಲೇ ಗೊತ್ತಾಗಿದೆ. ಹಾಗಾಗಿ ಬಸಣ್ಣ ಸತ್ಯವಂತ. ಲೆಕ್ಕ ಮುಗಿಯಿತು, ಎಲ್ಲೂ ಎಡವಟ್ಟಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಮ್ಮೂರಿನ ಸುಳ್ಳುಗಾರ ಬೇರೆ, ದ್ವೀಪದ ಸುಳ್ಳುಗಾರ ಬೇರೆ. ನಮ್ಮೂರಿನವನು ಹತ್ತು ಮಾತಲ್ಲಿ ಒಂಬತ್ತು ನಿಜ ಹೇಳಿ, ಹತ್ತನೆಯದರಲ್ಲಿ ನಿಮ್ಮ ಜೇಬು ಖಾಲಿ ಮಾಡುತ್ತಾನೆ. ಅರ್ಧ ನಿಜ, ಅರ್ಧ ಸುಳ್ಳು ಬೆರೆಸುತ್ತಾನೆ. ದ್ವೀಪದವನಿಗೂ ಬೆರೆಸೋಕೆ ಬರುತ್ತದೆ. ಈರಣ್ಣ ಈಗ ಮಾಡಿದ್ದು ಅದೇ. "ನಾನು ಸುಳ್ಳುಗಾರ, ಬಸಣ್ಣನೂ ಸುಳ್ಳುಗಾರ" ಅನ್ನೋದರಲ್ಲಿ ಮೊದಲ ಅರ್ಧ ನಿಜ. ಎರಡನೇ ಅರ್ಧ ಸುಳ್ಳು. ಇಡೀ ಮಾತು ಸುಳ್ಳು. ನಿಯಮ ಇರುವುದು ಇಡೀ ಮಾತಿಗೆ, ಅದರ ತುಂಡುಗಳಿಗೆ ಅಲ್ಲ. ಸುಳ್ಳುಗಾರನ ಮಾತಿನ ಪ್ರತಿಯೊಂದು ತುಂಡೂ ಸುಳ್ಳು ಅಂತ ತಿಳಿದುಕೊಂಡರೆ ಮತ್ತೆ ಅದೇ ಗುಂಡಿಗೆ ಬೀಳುತ್ತೀರಿ.

ಭಾಷೆಯ ಮಾತು ಬಂದದ್ದಕ್ಕೆ ಇನ್ನೊಂದು. ಮೊದಲನೇ ಲೆಕ್ಕದಲ್ಲಿ ರಂಗಣ್ಣ "ಒಬ್ಬನಾದರೂ" ಅಂದ. ಅದೇ ಜಾಗದಲ್ಲಿ "ಒಬ್ಬನೇ" ಅಂದಿದ್ದರೆ? "ನಮ್ಮಿಬ್ಬರಲ್ಲಿ ಒಬ್ಬನೇ ಸುಳ್ಳುಗಾರ." ಮತ್ತೆ ಆರೋಪ ಹೊರಿಸೋಣ. ರಂಗಣ್ಣ ಸುಳ್ಳುಗಾರ. ಆಗ ಸುಳ್ಳುಗಾರರ ಸಂಖ್ಯೆ ಒಂದಲ್ಲ, ಸೊನ್ನೆ ಅಥವಾ ಎರಡು. ರಂಗಣ್ಣ ಸುಳ್ಳುಗಾರ ಆದ್ದರಿಂದ ಸೊನ್ನೆ ಆಗೋದಿಲ್ಲ. ಎರಡು. ಸಿದ್ದಣ್ಣನೂ ಸುಳ್ಳುಗಾರ. ಎಲ್ಲಾದರೂ ಎಡವಿದೆವಾ? ಇಲ್ಲ. ಎಲ್ಲ ತಾಳೆ ಬಿತ್ತು.

ಈಗ ನೀವು ಏನು ಮಾಡುತ್ತೀರಿ? ಆರೋಪ ನಿಂತಿತು, ಇಬ್ಬರೂ ಸುಳ್ಳುಗಾರರು ಅಂತ ಉತ್ತರ ಬರೆದು ಮನೆಗೆ ಹೋಗುತ್ತೀರಾ? ತಡೀರಿ. ಇನ್ನೊಂದು ಕಡೆ ನೋಡೇ ಇಲ್ಲ. ರಂಗಣ್ಣ ಸತ್ಯವಂತ ಅಂತ ಇಟ್ಟುಕೊಳ್ಳಿ. ಒಬ್ಬನೇ ಸುಳ್ಳುಗಾರ, ಅದು ಸಿದ್ದಣ್ಣ. ಇದೂ ತಾಳೆ ಬೀಳುತ್ತದೆ! ಹಾಗಾಗಿ ಸಿದ್ದಣ್ಣ ಸುಳ್ಳುಗಾರ ಅನ್ನೋದು ಎರಡು ಕಡೆಯಿಂದಲೂ ಬಂತು, ಅದು ಖಾತ್ರಿ. ರಂಗಣ್ಣ ಯಾರು ಅಂತ ಕೊನೆಗೂ ಗೊತ್ತಾಗಲಿಲ್ಲ. ಗೊತ್ತಾಗೋದೂ ಇಲ್ಲ. "ಆದರೂ" ತೆಗೆದು "ಏ" ಹಾಕಿದ್ದಕ್ಕೆ ಇಷ್ಟೆಲ್ಲ. ಮಾತಿನಲ್ಲಿ ನಾವು ಬರೀ "ಒಬ್ಬ" ಅಂದುಬಿಡುತ್ತೇವೆ. ಲೆಕ್ಕ ಬರೆಯುವವರು ಹಾಗೆ ಬರೆದರೆ ಓದುವವರಲ್ಲಿ ಅರ್ಧ ಜನ ಒಂದು ಅರ್ಥ ಹಿಡಿಯುತ್ತಾರೆ, ಅರ್ಧ ಜನ ಇನ್ನೊಂದು.

ನನಗೆ ಈ ಪಾಠ ಕಲಿಸಿದ್ದು ನನ್ನದೇ ಒಂದು ಪೆದ್ದುತನ. ಒಂದು ಸಣ್ಣ ಪತ್ರಿಕೆಗೆ ವಾರಕ್ಕೊಂದು ಒಗಟು ಬರೆದುಕೊಡುತ್ತಿದ್ದೆ. ಒಂದು ವಾರ ಮೂರು ಜನರ ಲೆಕ್ಕ ಮಾಡಿದೆ. ರಂಗಣ್ಣ, ಸಿದ್ದಣ್ಣ, ಜೊತೆಗೆ ಗೌರಕ್ಕ.

ರಂಗಣ್ಣ: "ಸಿದ್ದಣ್ಣ, ಗೌರಕ್ಕ ಇಬ್ಬರಲ್ಲಿ ಒಬ್ಬರಾದರೂ ಸುಳ್ಳು ಹೇಳುವವರು."
ಸಿದ್ದಣ್ಣ: "ರಂಗಣ್ಣ ಸುಳ್ಳುಗಾರ."
ಗೌರಕ್ಕ: "ನಾನೂ ಸಿದ್ದಣ್ಣನೂ ಒಂದೇ ಗುಂಪು."

ನಾನು ಬಿಡಿಸಿದೆ. ರಂಗಣ್ಣ ಸುಳ್ಳುಗಾರ ಅಂತ ಇಟ್ಟುಕೊಂಡೆ. ಅವನ ಮಾತು ಸುಳ್ಳು, ಹಾಗಾಗಿ ಸಿದ್ದಣ್ಣ, ಗೌರಕ್ಕ ಇಬ್ಬರೂ ಸತ್ಯವಂತರು. ಸಿದ್ದಣ್ಣ ಹೇಳಿದ್ದು ನಿಜ, ರಂಗಣ್ಣ ಸುಳ್ಳುಗಾರನೇ. ಗೌರಕ್ಕ ಹೇಳಿದ್ದೂ ನಿಜ, ಇಬ್ಬರೂ ಸತ್ಯವಂತರ ಗುಂಪು. ಎಲ್ಲ ಚೆನ್ನಾಗಿ ಕೂತಿತು. ಆಗ ನನಗೆ ಅನಿಸಿತು, ಗೌರಕ್ಕನ ಮಾತು ಎಲ್ಲೂ ಕೆಲಸಕ್ಕೆ ಬರಲೇ ಇಲ್ಲವಲ್ಲ, ಉತ್ತರ ಬಂದಮೇಲೆ ಸುಮ್ನೆ ತಾಳೆ ನೋಡಿದ್ದಷ್ಟೇ. ಜಾಗ ಬೇರೆ ಕಡಿಮೆ ಇತ್ತು. ಗೌರಕ್ಕನ ಮಾತು ಹೊಡೆದು ಹಾಕಿ ಕಳಿಸಿಬಿಟ್ಟೆ.

ಮುಂದಿನ ವಾರ ಕಾಗದಗಳು ಬಂದವು. ಒಬ್ಬರು ನನ್ನ ಉತ್ತರವನ್ನೇ ಬರೆದಿದ್ದರು. ಇನ್ನೊಬ್ಬರು ರಂಗಣ್ಣ ಸತ್ಯವಂತ, ಉಳಿದಿಬ್ಬರು ಸುಳ್ಳು ಅಂತ. ಮತ್ತೊಬ್ಬರು ಸಿದ್ದಣ್ಣ ಒಬ್ಬನೇ ಸುಳ್ಳುಗಾರ ಅಂತ. ಕೂತು ನೋಡಿದೆ. ಮೂರೂ ಸರಿ! ರಂಗಣ್ಣ ಸತ್ಯವಂತ ಅಂತ ಹಿಡಿದರೆ, ಅವನನ್ನು ಸುಳ್ಳುಗಾರ ಅಂದ ಸಿದ್ದಣ್ಣ ಸುಳ್ಳುಗಾರ. ಅಷ್ಟಕ್ಕೆ ರಂಗಣ್ಣನ ಮಾತು ನಿಜ ಆಗಿಬಿಟ್ಟಿತು. ಗೌರಕ್ಕ ಬಾಯಿ ಬಿಟ್ಟಿಲ್ಲ, ಅವರು ಯಾರಾದರೂ ಆಗಿರಬಹುದು. ನಾನು ಆ ಕಡೆ ತಲೆ ಹಾಕಿಯೇ ಇರಲಿಲ್ಲ.

ಗೌರಕ್ಕನ ಮಾತು ಇದ್ದಿದ್ದರೆ? ಆಗ ಆ ಕಡೆಯ ಬಾಗಿಲು ಮುಚ್ಚಿರುತ್ತಿತ್ತು. ನಿಧಾನವಾಗಿ ನೋಡೋಣ, ಇದು ಸ್ವಾರಸ್ಯವಾಗಿದೆ. ರಂಗಣ್ಣ ಸತ್ಯವಂತ, ಸಿದ್ದಣ್ಣ ಸುಳ್ಳುಗಾರ. ಈಗ ಇದರೊಳಗೇ ಇನ್ನೊಂದು ಆರೋಪ. ಗೌರಕ್ಕ ಸುಳ್ಳುಗಾರ್ತಿ ಅನ್ನೋಣ. ಆಗ ಅವರೂ ಸಿದ್ದಣ್ಣನೂ ನಿಜವಾಗಿಯೂ ಒಂದೇ ಗುಂಪು. ಅಂದರೆ ಸುಳ್ಳುಗಾರ್ತಿ ನಿಜ ಹೇಳಿದ ಹಾಗಾಯಿತು. ಆಗೋದಿಲ್ಲ. ಸರಿ, ಗೌರಕ್ಕ ಸತ್ಯವಂತೆ ಅನ್ನೋಣ. ಆಗ ಅವರದ್ದು ಒಂದು ಗುಂಪು, ಸಿದ್ದಣ್ಣನದ್ದು ಇನ್ನೊಂದು. ಒಂದೇ ಗುಂಪು ಅಂದದ್ದು ಸುಳ್ಳು. ಸತ್ಯವಂತೆ ಸುಳ್ಳು ಹೇಳಿದ ಹಾಗಾಯಿತು. ಅದೂ ಆಗೋದಿಲ್ಲ. ಗೌರಕ್ಕನಿಗೆ ನಿಲ್ಲೋಕೆ ಜಾಗವೇ ಇಲ್ಲ. ಹಾಗಾಗಿ ಇಡೀ ಕೊಂಬೆಯೇ ಮುರಿದುಬಿತ್ತು, ರಂಗಣ್ಣ ಸತ್ಯವಂತ ಆಗೋಕೆ ಸಾಧ್ಯವಿಲ್ಲ. ಕೆಲಸಕ್ಕೆ ಬಾರದ್ದು ಅಂತ ನಾನು ಹೊಡೆದು ಹಾಕಿದ ಮಾತೇ ಇಡೀ ಲೆಕ್ಕವನ್ನು ಹಿಡಿದು ನಿಲ್ಲಿಸಿದ್ದ ಕಂಬ.

ಗಮನಿಸಿದರಾ? ಈ ದ್ವೀಪದಲ್ಲಿ ಯಾರೇ ಆಗಲಿ "ನಾನೂ ಅವನೂ ಒಂದೇ ಗುಂಪು" ಅಂದರೆ, ಆ ಇನ್ನೊಬ್ಬ ಸತ್ಯವಂತ ಅಂತ ಗೊತ್ತಾಗುತ್ತದೆ. ಹೇಳಿದವರು ಯಾರು ಅಂತ ಗೊತ್ತಾಗಬೇಕಿಲ್ಲ.

ಆರೋಪ ಹೊರಿಸಿ ಎಡವಿದರೆ ನಮಗೆ ಒಂದು ಖಚಿತವಾದ ಸಂಗತಿ ಸಿಕ್ಕಿತು. ಎಡವದೇ ಇದ್ದರೆ ಸಿಕ್ಕಿದ್ದು "ಹೀಗೂ ಇರಬಹುದು" ಅನ್ನೋದಷ್ಟೇ. ಕೋರ್ಟಿನಲ್ಲಿ ಆರೋಪಿಯ ಕಥೆಯಲ್ಲಿ ತಪ್ಪು ಸಿಗಲಿಲ್ಲ ಅಂದಮಾತ್ರಕ್ಕೆ ಅವನು ಹೇಳಿದ್ದೇ ನಡೆದದ್ದು ಅಂತ ಆಗೋದಿಲ್ಲ ಅಲ್ವಾ, ಹಾಗೆ.

ಇದನ್ನು ಕಾಗದದ ಮೇಲೆ ಗಲಿಬಿಲಿ ಇಲ್ಲದೆ ಮಾಡೋಕೆ ನಾನು ಪೆನ್ನು, ಪೆನ್ಸಿಲ್ ಎರಡೂ ಇಟ್ಟುಕೊಳ್ಳುತ್ತೇನೆ. ಆರೋಪವನ್ನು ಪೆನ್ಸಿಲಿನಲ್ಲಿ ಬರೆಯುವುದು. ಅದರಿಂದ ಹೊರಟದ್ದೆಲ್ಲ ಪೆನ್ಸಿಲಿನಲ್ಲೇ. ಎಡವಿದ ತಕ್ಷಣ ಪೆನ್ಸಿಲಿನದ್ದೆಲ್ಲ ಅಳಿಸಿ, ಒಂದೇ ಸಾಲು ಪೆನ್ನಿನಲ್ಲಿ ಬರೆಯುವುದು: ರಂಗಣ್ಣ ಸತ್ಯವಂತ, ಅಥವಾ ಏನು ಸಾಬೀತಾಯಿತೋ ಅದು. ಅತಿ ಹೆಚ್ಚು ಜನ ಮಾಡುವ ತಪ್ಪು ಅಂದರೆ ಅಳಿಸದೇ ಇರುವುದು. ಆರೋಪ ಬಿದ್ದುಹೋಗಿರುತ್ತದೆ, ಆದರೆ ಆ ಆರೋಪದ ಕೆಳಗೆ ಬರೆದ "ಹಾಗಾದರೆ ಸಿದ್ದಣ್ಣ ಸತ್ಯವಂತ" ಅನ್ನೋದು ಕಾಗದದ ಮೇಲೆ ಉಳಿದಿರುತ್ತದೆ. ಐದು ನಿಮಿಷ ಆದಮೇಲೆ ಕಣ್ಣಿಗೆ ಬಿದ್ದು, ಇದು ಆಗಲೇ ಸಾಬೀತಾಗಿದೆ ಅಂತ ಅದನ್ನೇ ಬಳಸಿಬಿಡುತ್ತಾರೆ. ಅದು ಸಾಲ ತಂದ ಮಾತು. ಕೊಟ್ಟವನೇ ದಿವಾಳಿ ಎದ್ದಮೇಲೆ ಅದಕ್ಕೆ ಬೆಲೆ ಎಲ್ಲಿ?

ಯಾರೋ ಕೇಳುತ್ತಿದ್ದಾರೆ, ಮೂರು ನಾಲ್ಕು ಜನ ಮಾತಾಡಿದರೆ ಯಾರ ಮೇಲೆ ಮೊದಲು ಆರೋಪ ಹೊರಿಸಬೇಕು ಅಂತ. ಯಾರ ಮೇಲೆ ಹೊರಿಸಿದರೂ ಉತ್ತರ ಒಂದೇ, ಆದರೆ ಶ್ರಮ ಒಂದೇ ಅಲ್ಲ. ಯಾರ ಮಾತು ಸುಳ್ಳಾದರೆ ಜಾಸ್ತಿ ವಿಷಯ ಬಿಗಿಯಾಗಿ ಸಿಗುತ್ತದೋ ಅವರನ್ನು ಹಿಡಿಯಿರಿ. "ಒಬ್ಬರಾದರೂ", "ಇವನು ಅಥವಾ ಅವನು" ಅನ್ನುವ ಮಾತು ಸುಳ್ಳಾದರೆ ಎಲ್ಲರ ಬಣ್ಣವೂ ಒಮ್ಮೆಗೇ ಗೊತ್ತಾಗುತ್ತದೆ. ಅಲ್ಲಿ ಸುಳ್ಳಿನ ಆರೋಪ ಒಳ್ಳೆಯದು. "ಎಲ್ಲರೂ", "ಇವನೂ ಅವನೂ" ಅನ್ನುವ ಮಾತು ಉಲ್ಟಾ. ಅದು ಸುಳ್ಳಾದರೆ ಹತ್ತು ದಾರಿ, ನಿಜ ಆದರೆ ಒಂದೇ. ಅಲ್ಲಿ ನಂಬಿ ನೋಡುವುದೇ ಲೇಸು.

"ಆದರೆ" ಇರುವ ಮಾತು ಇನ್ನೂ ಮಜಾ. ನಾನು ನಿಮಗೆ "ಮಳೆ ಬಂದರೆ ಕೊಡೆ ತರ್ತೀನಿ" ಅಂದೆ. ಯಾವಾಗ ನನ್ನನ್ನು ಸುಳ್ಳುಗಾರ ಅನ್ನುತ್ತೀರಿ? ಮಳೆ ಬರದೇ ಇದ್ದರೆ ಕೊಡೆ ತಂದರೂ ತರದಿದ್ದರೂ ನೀವು ಏನೂ ಅನ್ನೋ ಹಾಗಿಲ್ಲ. ಮಳೆ ಬಂದು, ನಾನು ಬರಿಗೈಲಿ ಬಂದಾಗ ಮಾತ್ರ. ಈಗ ದ್ವೀಪದಲ್ಲಿ ಚೆನ್ನಪ್ಪ ಹೇಳುತ್ತಾನೆ: "ನಾನು ಸತ್ಯವಂತನಾದರೆ ನನ್ನ ತಮ್ಮನೂ ಸತ್ಯವಂತ." ಚೆನ್ನಪ್ಪ ಸುಳ್ಳುಗಾರ ಅನ್ನಿ. ಮಾತು ಸುಳ್ಳಾಗಬೇಕು. ಸುಳ್ಳಾಗೋದು ಒಂದೇ ದಾರಿಯಲ್ಲಿ: ಚೆನ್ನಪ್ಪ ಸತ್ಯವಂತ, ತಮ್ಮ ಸುಳ್ಳುಗಾರ. ಮೊದಲ ತುಂಡಿನಲ್ಲೇ ಎಡವಿದೆವು. ಹಾಗಾಗಿ ಚೆನ್ನಪ್ಪ ಸತ್ಯವಂತ, ಅವನ ಮಾತು ನಿಜ, ತಮ್ಮನೂ ಸತ್ಯವಂತ. ಸುಳ್ಳಿನ ಆರೋಪ ಇಷ್ಟು ಬೇಗ ಬೀಳುವ ಮಾತು ಇನ್ನೊಂದಿಲ್ಲ.

ಈಗ ಕೊನೆಯ ಲೆಕ್ಕ. ನಾಲ್ಕು ಜನ ಒಂದು ಜಗಲಿ ಮೇಲೆ ಸಾಲಾಗಿ ಕೂತಿದ್ದಾರೆ. ಮೊದಲನೆಯವನು ಹೇಳುತ್ತಾನೆ, "ನಮ್ಮ ನಾಲ್ವರಲ್ಲಿ ಒಬ್ಬನಾದರೂ ಸುಳ್ಳುಗಾರ." ಎರಡನೆಯವನು, "ಕಡಿಮೆ ಅಂದರೂ ಇಬ್ಬರು." ಮೂರನೆಯವನು, "ಕಡಿಮೆ ಅಂದರೂ ಮೂವರು." ನಾಲ್ಕನೆಯವನು, "ನಾಲ್ವರೂ ಸುಳ್ಳುಗಾರರು."

ಎಲ್ಲಿಂದ ಶುರು? ಮೊದಲನೆಯವನು "ಒಬ್ಬನಾದರೂ" ಅಂದಿದ್ದಾನೆ, ಅವನ ಮೇಲೆ ಆರೋಪ ಹೊರಿಸಿ. ಪೆನ್ಸಿಲ್ ತೆಗೆಯಿರಿ. ಮೊದಲನೆಯವನು ಸುಳ್ಳುಗಾರ. ಆಗ ಒಬ್ಬನೂ ಸುಳ್ಳುಗಾರ ಇಲ್ಲ. ಅವನೂ ಅಲ್ಲ. ಎಡವಿದೆವು, ಅಳಿಸಿ. ಪೆನ್ನಿನಲ್ಲಿ: ಮೊದಲನೆಯವನು ಸತ್ಯವಂತ. ಈಗ ನಾಲ್ಕನೆಯವನು ತಾನಾಗಿ ಸಿಕ್ಕಿಬಿದ್ದ. ನಾಲ್ವರೂ ಸುಳ್ಳುಗಾರರು ಅಂದ, ಆದರೆ ಮೊದಲನೆಯವನು ಸತ್ಯವಂತ ಅಂತ ಪೆನ್ನಿನಲ್ಲಿದೆ. ಪೆನ್ನಿನಲ್ಲಿ: ನಾಲ್ಕನೆಯವನು ಸುಳ್ಳುಗಾರ.

ಎರಡನೆಯವನು. ಪೆನ್ಸಿಲಿನಲ್ಲಿ, ಸುಳ್ಳುಗಾರ. ಆಗ ಇಬ್ಬರಾದರೂ ಸುಳ್ಳುಗಾರರಿದ್ದಾರೆ ಅನ್ನೋದು ಸುಳ್ಳು, ಹೆಚ್ಚೆಂದರೆ ಒಬ್ಬ ಇರಬಹುದು. ಆದರೆ ಎಣಿಸಿ. ಎರಡನೆಯವನು ಒಬ್ಬ, ಪೆನ್ನಿನಲ್ಲಿರುವ ನಾಲ್ಕನೆಯವನು ಇನ್ನೊಬ್ಬ. ಇಬ್ಬರಾದರು. ಎಡವಿದೆವು, ಅಳಿಸಿ. ಎರಡನೆಯವನು ಸತ್ಯವಂತ. ಮೂರನೆಯವನಿಗೆ ಆರೋಪವೂ ಬೇಡ. ಮೊದಲ ಇಬ್ಬರು ಸತ್ಯವಂತರಾದ ಮೇಲೆ ಸುಳ್ಳುಗಾರರು ಹೆಚ್ಚೆಂದರೆ ಇಬ್ಬರು. ಮೂವರು ಅಂದವನು ಸುಳ್ಳುಗಾರ. ಮುಗಿಸುವ ಮುಂಚೆ ಒಮ್ಮೆ ತಾಳೆ ನೋಡಿ. ಸುಳ್ಳುಗಾರರು ಇಬ್ಬರು. "ಒಬ್ಬನಾದರೂ" ನಿಜ, "ಇಬ್ಬರು" ನಿಜ, "ಮೂವರು" ಸುಳ್ಳು, "ನಾಲ್ವರೂ" ಸುಳ್ಳು. ಎಲ್ಲ ಕೂತಿತು. ಈ ತಾಳೆಯನ್ನು ಬಿಡಬೇಡಿ. ಯಾಕೆ ಅಂತ ಈಗಲೇ ಗೊತ್ತಾಗುತ್ತದೆ.

ನಾಲ್ಕನೆಯವನು ಎದ್ದು ಹೋದ ಅಂದುಕೊಳ್ಳಿ. ಮೂವರೇ ಉಳಿದರು. ಮತ್ತೆ ಹಾಗೇ ಹೇಳುತ್ತಾರೆ: "ಒಬ್ಬನಾದರೂ", "ಕಡಿಮೆ ಅಂದರೂ ಇಬ್ಬರು", "ಮೂವರೂ". ಮೊದಲನೆಯವನು ಸತ್ಯವಂತ, ಅದೇ ಕಾರಣ. ಮೂರನೆಯವನು ಸುಳ್ಳುಗಾರ, ಅದೇ ಕಾರಣ. ಈಗ ಮಧ್ಯದವನು. ಸುಳ್ಳುಗಾರ ಅನ್ನಿ. ಅವನೂ ಮೂರನೆಯವನೂ ಸೇರಿ ಇಬ್ಬರು ಸುಳ್ಳುಗಾರರಾದರು, ಅವನ ಮಾತು ನಿಜವಾಯಿತು. ಎಡವಿದೆವು. ಸರಿ, ಸತ್ಯವಂತ. ಪೆನ್ನಿನಲ್ಲಿ ಬರೆದು ಮುಗಿಸಿಬಿಡೋಣವಾ? ಎಷ್ಟೋ ಜನ ಇಲ್ಲಿ ಮುಗಿಸುತ್ತಾರೆ, ಸುಳ್ಳಿನ ಆರೋಪ ಬಿತ್ತಲ್ಲ ಅಂತ. ತಾಳೆ ನೋಡಿ. ಮಧ್ಯದವನು ಸತ್ಯವಂತ ಆದರೆ ಸುಳ್ಳುಗಾರ ಮೂರನೆಯವನು ಒಬ್ಬನೇ. ಕಡಿಮೆ ಅಂದರೂ ಇಬ್ಬರು ಅಂದದ್ದು ಸುಳ್ಳು. ಇಲ್ಲೂ ಎಡವಿದೆವು!

ಎರಡೂ ಕಡೆ ಎಡವಿದರೆ ಏನರ್ಥ? ನಾವು ಲೆಕ್ಕ ತಪ್ಪಿಲ್ಲ. ಆ ಮೂವರು ಆ ದ್ವೀಪದಲ್ಲಿ ಆ ಮಾತುಗಳನ್ನು ಆಡೋಕೆ ಸಾಧ್ಯವೇ ಇಲ್ಲ ಅಂತ. ಅಲ್ಲಿ ಯಾರೂ "ನಾನು ಸುಳ್ಳುಗಾರ" ಅಂತ ಹೇಳೋಕಾಗೋದಿಲ್ಲ. ಸತ್ಯವಂತ ಹೇಳಿದರೆ ಅದು ಸುಳ್ಳು, ಸುಳ್ಳುಗಾರ ಹೇಳಿದರೆ ಅದು ನಿಜ. ಮಧ್ಯದವನ ಮಾತನ್ನು ಇನ್ನೊಮ್ಮೆ ಕೇಳಿ. ಮೊದಲನೆಯವನು ಸತ್ಯವಂತ, ಮೂರನೆಯವನು ಸುಳ್ಳುಗಾರ ಅನ್ನೋದು ಖಾತ್ರಿ. ಅಂದಮೇಲೆ "ಕಡಿಮೆ ಅಂದರೂ ಇಬ್ಬರು" ನಿಜ ಆಗಬೇಕಾದರೆ ಆ ಎರಡನೇ ಸುಳ್ಳುಗಾರ ಯಾರಾಗಬೇಕು? ಅವನೇ. ಅವನು ಹೇಳಿದ್ದು "ನಾನು ಸುಳ್ಳುಗಾರ" ಅಂತಲೇ, ಬರೀ ವೇಷ ಹಾಕಿಸಿ ಹೇಳಿದ್ದಾನೆ. ಆ ಏಪ್ರಿಲ್ 1ರ ರಾತ್ರಿ ಹಾಸಿಗೆಯಲ್ಲಿ ಹೊರಳಾಡಿದ ಹುಡುಗ ಸಿಕ್ಕಿಬಿದ್ದದ್ದೂ ಇಂಥದ್ದೇ ಜಾಗದಲ್ಲಿ.

ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ, ಐದು ಜನ ಕೂತರೆ ಅಂತ. ಮಾಡಿ ನೋಡೋಣ. ಮೊದಲನೆಯವನು ಸತ್ಯವಂತ, ಐದನೆಯವನು ಸುಳ್ಳುಗಾರ. ಎರಡನೆಯವನ ಮೇಲೆ ಆರೋಪ ಹೊರಿಸಿದರೆ, ಅವನೂ ಐದನೆಯವನೂ ಸೇರಿ ಇಬ್ಬರಾಗಿಬಿಡುತ್ತಾರೆ, ಆರೋಪ ಬಿತ್ತು, ಅವನು ಸತ್ಯವಂತ. ನಾಲ್ಕನೆಯವನು ನಾಲ್ವರು ಅನ್ನುತ್ತಾನೆ, ಆದರೆ ಇಬ್ಬರು ಆಗಲೇ ಸತ್ಯವಂತರು, ಉಳಿಯೋದು ಮೂವರೇ. ಅವನು ಸುಳ್ಳುಗಾರ. ಈಗ ಕಾಗದ ನೋಡಿ. ಆ ಕಡೆ ಇಬ್ಬರು ಸತ್ಯವಂತರು, ಈ ಕಡೆ ಇಬ್ಬರು ಸುಳ್ಳುಗಾರರು, ನಡುವೆ ಮೂರನೆಯವನು ಕೂತು "ಕಡಿಮೆ ಅಂದರೂ ಮೂವರು" ಅನ್ನುತ್ತಿದ್ದಾನೆ. ಆ ಮೂರನೇ ಸುಳ್ಳುಗಾರ ಯಾರು ಅಂತ ಅವನನ್ನೇ ಕೇಳಿ.